ಬಾಟಲಿಯಲ್ಲಿ ಗುಳ್ಳೆ ನಿಂತ ಬೆಳಗು

ಶ್ರಾವಣದ ಎರಡನೆಯ ಮಂಗಳವಾರ, ಬೆಳಗಿನ ಆರು ಗಂಟೆ. ಕೊಪ್ಪಳದ ಒಂದು ದವಾಖಾನೆ, ಗಂಡಸರ ವಾರ್ಡು, ಕಿಟಕಿಯ ಪಕ್ಕದ ಮಂಚ. ಹಾಜರಿದ್ದವರು: ನಾನು, ನನ್ನ ಹೆಂಡತಿ, ಹೆಂಡತಿಯ ತಮ್ಮ, ಮತ್ತು ಮಂಚದ ಕೆಳಗೆ ಒಂದು ಬಾಟಲಿ.

ಬಾಟಲಿಯನ್ನು ಹಾಜರಿಯಲ್ಲಿ ಸೇರಿಸಿದ್ದಕ್ಕೆ ಕಾರಣವಿದೆ. ಬೇವೂರಿನ ಕಡೆಯ ಶಾಲೆಗಳಲ್ಲಿ ನಾನು ಡ್ರಿಲ್ ಮಾಸ್ತರನಾಗಿದ್ದವನು. ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಯಾರು ಬಂದಿದ್ದಾರೆ, ಯಾರು ಬಂದಿಲ್ಲ ಎಂದು ನೋಡದಿದ್ದರೆ ನನಗೆ ದಿನ ಶುರುವಾಗುವುದಿಲ್ಲ. ಅಂದು ಕಣ್ಣು ಬಿಟ್ಟಾಗ ಮೊದಲು ಕೇಳಿಸಿದ್ದು ಬಾಟಲಿಯೇ. ನಾನು ಉಸಿರು ಬಿಟ್ಟಾಗೊಮ್ಮೆ ಕೆಳಗಿನಿಂದ ಬುಳುಕ್ ಎಂದು ಒಂದು ಸದ್ದು ಬರುತ್ತಿತ್ತು. ಮಣ್ಣಿನ ಗಡಿಗೆಯನ್ನು ಯಾರೋ ಬಹಳ ನಿಧಾನವಾಗಿ ನೀರಿನಲ್ಲಿ ಅದ್ದಿ ತುಂಬಿಕೊಳ್ಳುತ್ತಿದ್ದಾರೆ ಎನ್ನುವ ಹಾಗೆ.

ಹಿಂದಿನ ದಿನ ತಳಕಲ್ ದಾಟಿದ ಮೇಲೆ ನಾಯಿಯೊಂದು ನನ್ನ ಬೈಕಿಗೆ ಅಡ್ಡ ಬಂದಿತ್ತು. ನಾಯಿಗೆ ಏನೂ ಆಗಲಿಲ್ಲ. ನಾನು ರಸ್ತೆಬದಿಯ ಕಲ್ಲಿನ ಮೇಲೆ ಬಲ ಮಗ್ಗುಲಾಗಿ ಬಿದ್ದೆ. ಎರಡು ಪಕ್ಕೆಲುಬು ಮುರಿದು, ಅದರಲ್ಲೊಂದರ ಚೂಪು ಒಳಗೆ ಶ್ವಾಸಕೋಶಕ್ಕೆ ತಾಗಿತು. ಕೊಪ್ಪಳಕ್ಕೆ ತರುವಷ್ಟರಲ್ಲಿ ನನಗೆ ಮಾತು ತುಂಡುತುಂಡಾಗಿತ್ತು. ಡಾಕ್ಟರಮ್ಮ ಬಗಲಿನ ಕೆಳಗೆ ಸೂಜಿಮದ್ದು ಕೊಟ್ಟು, ಎರಡು ಎಲುಬಿನ ನಡುವೆ ಸಣ್ಣದಾಗಿ ಕೊಯ್ದು, ಬೆರಳು ಗಾತ್ರದ ಒಂದು ಪೈಪನ್ನು ಒಳಗೆ ಸೇರಿಸಿ ಹೊಲಿಗೆ ಹಾಕಿದ್ದರು. ಅದರ ಇನ್ನೊಂದು ತುದಿ ಮಂಚದ ಅಂಚಿನಿಂದ ಇಳಿದು, ನನಗೆ ಕಾಣುವಂತೆ ಪುಟ್ಟ ಸ್ಟ್ಯಾಂಡಿನಲ್ಲಿಟ್ಟ ಬಾಟಲಿಯೊಳಗೆ, ನೀರಿನ ಮಟ್ಟಕ್ಕಿಂತ ಎರಡು ಬೆರಳಿನಷ್ಟು ಕೆಳಗೆ ಮುಳುಗಿತ್ತು. ಪೈಪು ಕೂರಿಸಿದ ಕ್ಷಣ ಬಾಟಲಿ ಕುದಿಯುವ ಎಸರಿನ ಹಾಗೆ ಸದ್ದು ಮಾಡಿತ್ತು. ನನಗೆ ಉಸಿರು ಬಂದಿತ್ತು. ಅದರ ಹಿಂದೆಯೇ ಒಂದಿಷ್ಟು ರಕ್ತವೂ ಇಳಿದು ನೀರನ್ನು ದಾಸವಾಳದ ಬಣ್ಣ ಮಾಡಿತ್ತು.

ಆಗ ಹಾಜರಿದ್ದ ಸಿಸ್ಟರ್ ಕುಷ್ಟಗಿ ಕಡೆಯ ಹೆಣ್ಣುಮಗಳು. ಮಾತು ಕಡಿಮೆ, ಕೈ ಚುರುಕು. ಮಂಚದ ಮೇಲೆ ನಾನು ಸ್ವಲ್ಪ ಸುಧಾರಿಸಿದ್ದೇ ತಡ, ಆಕೆ ನನಗೆ ಒಂದು ಕೆಲಸ ಹಚ್ಚಿದಳು.

"ಮಾಸ್ತರ್ರ, ಬಾಟಲಿಯಾಗಿನ ಈ ಸಣ್ಣ ಕೊಳವಿ ಒಳಗ ನೀರು ಕಾಣತೈತಲ್ಲ, ನೀವು ಉಸಿರು ಎಳಕೊಂಡಾಗ ಅದು ಮ್ಯಾಲ ಏರತೈತಿ, ಬಿಟ್ಟಾಗ ಇಳೀತೈತಿ. ಅದು ಹಂಗ ಏರೂದು ಇಳಿಯೂದು ಮಾಡಬೇಕು. ಎದ್ಯಾಗ ಗಾಳಿ ಇರೂತನಕ ಗುಳ್ಳಿನೂ ಬರತಾವು. ಎರಡೂ ಒಮ್ಮಿಗೇ ನಿಂತ್ರ ನನಗ ಹೇಳ್ರಿ. ಸುಮ್ಮನ ಮಲಗೂ ಬದಲಿ ನಿಮಗೂ ಒಂದು ಡ್ಯೂಟಿ."

"ಡ್ಯೂಟಿ ಮುಗಿಯೂದು ಯಾವಾಗ?" ಎಂದೆ.

"ಗುಳ್ಳಿ ತಾವ ನಿಂತಾಗ. ನಾವು ನಿಲ್ಲಸಬಾರದು."

ಈ ಕೊನೆಯ ಮಾತನ್ನು ನಾನು ಕೇಳಿಸಿಕೊಂಡೆ. ನನ್ನ ಹೆಂಡತಿಯೂ ಕೇಳಿಸಿಕೊಂಡಳು. ಆದರೆ ಹೆಂಡತಿಯ ತಮ್ಮ ಆಗ ಇನ್ನೂ ಗಂಗಾವತಿಯಿಂದ ಬಂದೇ ಇರಲಿಲ್ಲ.

ಅವನು ಬಂದಾಗ ಕತ್ತಲಾಗಿತ್ತು. ಅವನದು ಎಡದಂಡೆ ಕಾಲುವೆಯ ಊರು, ಭತ್ತದ ಗದ್ದೆಯಿದೆ. ಆದರೆ ಗದ್ದೆಗಿಂತ ಹೆಚ್ಚಾಗಿ ಅವನು ಬದುಕುವುದು ಪಂಪುಗಳ ಮಧ್ಯೆ. ಸುತ್ತಲಿನ ಊರುಗಳಲ್ಲಿ ಯಾರ ಪಂಪು ನೀರು ಎತ್ತದೆ ನಿಂತರೂ ಮೊದಲ ಫೋನು ಅವನಿಗೆ. ಗಾಡಿಯ ಡಿಕ್ಕಿಯಲ್ಲಿ ನಟ್ಟು ಬಿಗಿಯುವ ಎರಡು ಪಾನಾ, ಒಂದು ಗ್ರೀಸಿನ ಡಬ್ಬಿ, ಹಳೆಯ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ ಸುತ್ತಿಟ್ಟ ರಬ್ಬರ್ ಪಟ್ಟಿಗಳು ಯಾವಾಗಲೂ ಇರುತ್ತವೆ. ಪಟ್ಟಿ ಒಂದು ಅವನ ಅಂಗಿಯ ಕಿಸೆಯಲ್ಲೂ ಇರುತ್ತದೆ. ಬೇರೆಯವರ ಕಿಸೆಯಲ್ಲಿ ಕರವಸ್ತ್ರ ಇರುವ ಹಾಗೆ.

ರಾತ್ರಿ ಅವನು ನನ್ನ ಮಂಚದ ಪಕ್ಕ ಚಾಪೆ ಹಾಸಿದ. ಅವನ ಕಿವಿ ಬಾಟಲಿಗೆ ಸಮವಾಗಿತ್ತು. ಇಡೀ ರಾತ್ರಿ ಅವನು ಆ ಸದ್ದನ್ನು ಕೇಳಿಸಿಕೊಂಡೇ ಮಲಗಿದ್ದನೆಂದು ನನಗೆ ಗೊತ್ತಾದದ್ದು ಆಮೇಲೆ.

ಬೆಳಗಾಯಿತು ಎಂದೆನಲ್ಲ. ಕಿಟಕಿಯಿಂದ ಬಿಸಿಲು ಇನ್ನೂ ಒಳಗೆ ಬಂದಿರಲಿಲ್ಲ. ಬೆಳಕು ಮಾತ್ರ ಬಂದಿತ್ತು, ಹಾಲಿಗೆ ನೀರು ಬೆರೆಸಿದಂಥ ಬೆಳಕು. ನೋವಿಗೆ ಕೊಟ್ಟ ಇಂಜೆಕ್ಷನ್ನಿನ ಮಂಪರು ಪೂರ್ತಿ ಹೋಗಿರಲಿಲ್ಲ. ನಾನು ತಲೆ ವಾಲಿಸಿ ಕೊಳವೆಯನ್ನು ನೋಡುತ್ತಿದ್ದೆ. ಉಸಿರು ಎಳೆದೆ, ಕೊಳವೆಯಲ್ಲಿ ನೀರು ಏರಿತು. ಬಿಟ್ಟೆ, ಇಳಿಯಿತು, ತುದಿಯಿಂದ ಒಂದು ಗುಳ್ಳೆ ಹೊರಬಿದ್ದು ಮೇಲೆ ತೇಲಿ ಒಡೆಯಿತು. ಇಷ್ಟು ವರ್ಷ ನನ್ನೊಳಗೆ ಹೋಗಿ ಬಂದು ಮಾಡಿದ ಉಸಿರನ್ನು ನಾನು ಒಂದು ದಿನವೂ ಕಂಡಿರಲಿಲ್ಲ. ಅದು ಈಗ ಮಂಚದ ಕೆಳಗೆ, ನಸುಗೆಂಪು ನೀರಿನಲ್ಲಿ, ನನಗಿಂತ ಬೇರೆಯಾದ ಒಂದು ಜೀವದ ಹಾಗೆ ಆಡುತ್ತಿತ್ತು. ಅದನ್ನು ನೋಡುತ್ತ ನೋಡುತ್ತ ನನಗೆ ವಿಚಿತ್ರವಾದ ನೆಮ್ಮದಿ ಆಯಿತು. ಡ್ಯೂಟಿ ಸರಿಯಾಗಿ ನಡೆದಿತ್ತು.

"ಚಹಾ ತಗೊಂಡ ಬರತೀನಿ, ಹೊರಗ ಅಂಗಡಿ ತೆರದಿರಬೇಕು," ಎಂದು ಹೆಂಡತಿ ಥರ್ಮಾಸು ಹಿಡಿದು ಎದ್ದಳು. "ತಮ್ಮಾ, ಇವ್ರನ್ನ ನೋಡ್ಕೋ. ಭಾಳ ಮಾತಾಡಸಬ್ಯಾಡ."

"ನೀ ಹೋಗಕ್ಕಾ. ನಾ ಅದೀನಲ್ಲ," ಎಂದ ಅವನು.

ಆಕೆ ಹೋದಳು. ಅವನು ಬಗ್ಗಿ ಬಾಟಲಿಯನ್ನು ನೋಡಿದ. ಎದ್ದು ಪೈಪನ್ನು ನೋಡಿದ. ಮತ್ತೆ ಬಗ್ಗಿದ.

"ಮಾಮಾ, ಇದು ರಾತ್ರಿಯೆಲ್ಲ ಹಿಂಗ ಬುಳುಬುಳು ಅಂತೈತಲ್ಲರೀ."

"ಅನ್ನಲಿ ಬಿಡು," ಎಂದೆ. ಹೆಚ್ಚು ಮಾತಾಡಿದರೆ ಪಕ್ಕೆ ಚುಚ್ಚುತ್ತಿತ್ತು.

"ಯಾರೂ ನೋಡವಲ್ರು."

ನನ್ನ ರೆಪ್ಪೆಗಳು ತಾವಾಗಿ ಕೂಡಿಕೊಂಡವು.

ಕನಸಿನಲ್ಲಿ ನಾನು ಮೈದಾನದಲ್ಲಿದ್ದೆ. ಬೇವೂರಿನ ಕರಿಮಣ್ಣಿನ ಮೈದಾನ, ಸುಣ್ಣದ ಗೆರೆ, ಬಿಳಿ ಅಂಗಿಯ ಮಕ್ಕಳು ಸಾಲಾಗಿ. ದೂರದಲ್ಲಿ ಎಲ್ಲೋ ಕಾಲುವೆ ಹರಿಯುತ್ತಿತ್ತು. ಬೇವೂರಿನಲ್ಲಿ ಕಾಲುವೆ ಎಲ್ಲಿಂದ ಬಂತು ಎಂದು ಕನಸಿನಲ್ಲಿಯೇ ಒಂದು ಅನುಮಾನ ಬಂದು ಹೋಯಿತು. ನಾನು ಕೈ ಎತ್ತಿ "ಶ್ವಾಸ ತೆಗೆದುಕೋ" ಎಂದೆ. ಮಕ್ಕಳೆಲ್ಲ ಎದೆಯುಬ್ಬಿಸಿ ಉಸಿರು ಎಳೆದುಕೊಂಡರು. ಈಗ "ಬಿಡು" ಎನ್ನಬೇಕು. ಬಾಯಿ ತೆರೆದೆ, ಮಾತು ಬರಲಿಲ್ಲ. ಸೀಟಿ ಊದೋಣ ಎಂದರೆ ಸೀಟಿಯಲ್ಲಿ ಗಾಳಿ ಹೋಗಲಿಲ್ಲ. ಮಕ್ಕಳು ಉಸಿರು ಹಿಡಿದು ನನ್ನನ್ನೇ ನೋಡುತ್ತ ನಿಂತಿದ್ದರು. ಅಪ್ಪಣೆಯಿಲ್ಲದೆ ಬಿಡುವವರಲ್ಲ, ನಾನು ಕಲಿಸಿದ್ದೇ ಹಾಗೆ. ಅವರ ಎದೆಗಳು ಅಂಗಿಯ ಗುಂಡಿ ಕೀಳುವಷ್ಟು ಉಬ್ಬುತ್ತಿದ್ದವು. ಕಾಲುವೆಯ ಸದ್ದು ನಿಂತುಹೋಗಿತ್ತು. ಆ ಮೈದಾನದ ಮೇಲೆ ಅಂಥ ಮೌನವನ್ನು ನಾನು ಎಂದೂ ಕೇಳಿರಲಿಲ್ಲ.

ಆ ಮೌನಕ್ಕೇ ಎಚ್ಚರವಾಯಿತು.

ಎದೆಯ ಬಲಭಾಗ ಕಲ್ಲು ತುಂಬಿದ ಚೀಲದಂತೆ ಬಿಗಿದಿತ್ತು. ಉಸಿರು ಗಂಟಲಿನಿಂದ ಕೆಳಗೆ ಇಳಿಯುತ್ತಿರಲಿಲ್ಲ. ಸಣ್ಣ ಸಣ್ಣ ಉಸಿರು, ಬಾವಿಯ ಅರ್ಧಕ್ಕೇ ನಿಂತ ಕೊಡದ ಹಾಗೆ. ಗುಂಡಿಗೆ ಓಡುತ್ತಿತ್ತು. ಆದರೂ ಮನಸ್ಸಿಗೆ ಅವಸರವಿರಲಿಲ್ಲ. ಅದೊಂದನ್ನು ಇಂದಿಗೂ ನೆನೆದರೆ ಮೈ ಜುಮ್ಮೆನ್ನುತ್ತದೆ. ಕಿಟಕಿಯ ಬೆಳಕು ಹತ್ತಿ ಹಿಂಜಿದಂತೆ ಹರಡಿತ್ತು, ನಾನು ಅದರೊಳಗೆ ಮೆಲ್ಲಗೆ ಹೋಗಿಬಿಡಬಹುದು ಅನ್ನಿಸುತ್ತಿತ್ತು. ನನ್ನನ್ನು ಹಿಡಿದು ನಿಲ್ಲಿಸಿದ್ದು ರೂಢಿ. ಎದ್ದ ಕೂಡಲೇ ಹಾಜರಿ. ಕಣ್ಣು ಹೊರಳಿಸಿ ಕೊಳವೆಯನ್ನು ನೋಡಿದೆ. ನೀರು ನಿಂತಲ್ಲೇ ನಿಂತಿತ್ತು. ಕೆಮ್ಮಿದೆ, ಪಕ್ಕೆಯಲ್ಲಿ ಬೆಂಕಿ ಹೊತ್ತಿಕೊಂಡಿತೇ ಹೊರತು ಒಂದು ಗುಳ್ಳೆಯೂ ಬರಲಿಲ್ಲ.

ಹೆಂಡತಿಯ ತಮ್ಮ ಸ್ಟೂಲಿನ ಮೇಲೆ ಕೈಕಟ್ಟಿ ಕುಳಿತಿದ್ದ. ಮುಖದಲ್ಲಿ ಕೆಲಸ ಮುಗಿಸಿದವನ ಕಳೆ.

"ನೀರು… ನಿಂತೈತಿ," ಎಂದೆ.

"ನಾನ ನಿಲ್ಲಸೀನ್ರಿ ಮಾಮಾ," ಎಂದ ಅವನು ಹತ್ತಿರ ಬಂದು. "ರಾತ್ರಿಯಿಂದ ಗಾಳಿ ಸೋರಾಕ ಹತ್ತಿತ್ತು. ಈಗ ನೋಡ್ರಿ, ಒಂದು ಗುಳ್ಳಿ ಇಲ್ಲ. ಆರಾಮ ಮಕ್ಕೋರಿ."

"ಸಿಸ್ಟರ್…"

"ಬರತಾರ ಬಿಡ್ರಿ, ಅವಸರ ಏನೈತಿ." ಹೀಗೆ ಅಂದವನು ನನ್ನ ಮುಖ ನೋಡಿದ. ನನ್ನ ತುಟಿಯಲ್ಲಿ ಏನು ಕಂಡನೋ, ಅವನ ಕಳೆಯೆಲ್ಲ ಇಳಿದುಹೋಯಿತು. "ಮಾಮಾ? ಯಾಕ್ರಿ ಹಿಂಗ? ಸಿಸ್ಟರ್ರ… ಓ ಸಿಸ್ಟರ್ರ…" ಎನ್ನುತ್ತ ಓಡಿದ. ಬರಿಗಾಲಲ್ಲಿ ಅವನು ಓಡಿದ ಸದ್ದು ನೆಲದ ಮೇಲೆ ಒದ್ದೆ ಬಟ್ಟೆ ಬಡಿದ ಹಾಗೆ ಕೇಳಿಸಿತು.

ಸಿಸ್ಟರ್ ಬಂದವಳು ನನ್ನ ಮುಖವನ್ನು ಒಮ್ಮೆ, ಬಾಟಲಿಯನ್ನು ಒಮ್ಮೆ ನೋಡಿದಳು. ಏನೂ ಕೇಳಲಿಲ್ಲ. ಬಾಟಲಿಯ ಬಾಯಿಯಿಂದ ಹಿಡಿದು ಪೈಪಿನ ಮೇಲೆ ಕೈಯಾಡಿಸುತ್ತ ಮೇಲೆ ಬಂದಳು. ಮೊದಲ ಜೋಡಣೆ ಸರಿ. ಮಂಚದ ಅಂಚು ಸರಿ. ಹೊದಿಕೆಯ ಒಳಗೆ ಕೈ ಹೋದದ್ದು ಒಂದು ಕಡೆ ನಿಂತಿತು. ಹೊದಿಕೆ ಸರಿಸಿದಳು. ಪೈಪನ್ನು ಎರಡಾಗಿ ಮಡಚಿ, ಮಡಿಕೆಯ ಮೇಲೆ ಕರಿ ರಬ್ಬರ್ ಪಟ್ಟಿಯನ್ನು ಎಳೆದೆಳೆದು ಸುತ್ತಿ, ತುದಿಯನ್ನು ಒಳಗೆ ಸಿಕ್ಕಿಸಲಾಗಿತ್ತು. ಅಚ್ಚುಕಟ್ಟಾದ ಕೆಲಸ. ಗದ್ದೆಗೆ ನೀರು ಸಾಕೆನಿಸಿದಾಗ ನೀರು ಹಾಯಿಸುವ ಪೈಪಿನ ಬಾಯಿ ಕಟ್ಟುವುದು ಹೀಗೆಯೇ.

ಆಕೆಗೆ ಅದನ್ನು ಬಿಚ್ಚಲು ಎರಡು ಕ್ಷಣ ಹಿಡಿಯಿತು. ಮಡಿಕೆ ನೇರವಾಯಿತು.

ಬಾಟಲಿ ಒಮ್ಮೆಲೇ ಕುದಿಯಿತು. ಗುಳ್ಳೆಗಳು ಒಂದರ ಬೆನ್ನಿಗೆ ಒಂದು, ಎಣಿಸಲಾಗದಂತೆ, ಕೆಂಪು ನೀರನ್ನು ನೊರೆ ಮಾಡುತ್ತ ಎದ್ದವು. ನನ್ನ ಎದೆಯಿಂದ ಯಾರೋ ಮೊಣಕಾಲು ತೆಗೆದಂತಾಯಿತು. ಮೈದಾನದ ಮಕ್ಕಳೆಲ್ಲ ಒಟ್ಟಿಗೆ ಉಸಿರು ಬಿಟ್ಟರು. ನಾನು ಎಚ್ಚರವಾಗಿಯೇ ಇದ್ದೆ, ಆದರೂ ಅದನ್ನು ಕೇಳಿದೆ.

"ಕೆಮ್ಮರಿ ಮಾಸ್ತರ್ರ. ಇನ್ನೊಮ್ಮೆ. ಹಾಂ." ಆಕೆ ಮೂಗಿಗೆ ಆಕ್ಸಿಜನ್ ಹಚ್ಚಿ, ರಕ್ತದಲ್ಲಿ ಅದರ ಮಟ್ಟ ಅಳೆಯುವ ಚಿಮಟಿಗೆಯನ್ನು ಬೆರಳಿಗೆ ಸಿಕ್ಕಿಸಿ, ಡಾಕ್ಟರಮ್ಮನನ್ನು ಕರೆಯಲು ಹೇಳಿ ಕಳಿಸಿದಳು. ಆಮೇಲೆ ರಬ್ಬರ್ ಪಟ್ಟಿಯನ್ನು ಅಂಗೈಯಲ್ಲಿ ಹಿಡಿದು ತಿರುಗಿದಳು.

"ಇದನ್ನ ಯಾರು ಕಟ್ಟಿದ್ರಿ?"

"ನಾನರೀ," ಎಂದ ಹೆಂಡತಿಯ ತಮ್ಮ. ಗೋಡೆಗೆ ಅಂಟಿ ನಿಂತಿದ್ದ.

"ಯಾಕ?"

"ಸೋರತಿತ್ತರಿ. ನಮ್ಮ ಪಂಪಿನ್ಯಾಗ ಗುಳ್ಳಿ ಬಂತಂದ್ರ ಪೈಪು ಎಲ್ಲೋ ಗಾಳಿ ಹಿಡದೈತಿ ಅಂತ. ಸುತ್ತಿ ಕಟ್ಟಬೇಕು. ಮತ್ತ… ಮನಷ್ಯಾನ ಎದ್ಯಾಗಿನ ಗಾಳಿ ರಾತ್ರಿಯೆಲ್ಲ ಹಿಂಗ ಹೊರಗ ಹೊಂಟ್ರ ಒಳಗ ಏನ ಉಳೀತೈತರೀ?"

ಸಿಸ್ಟರ್ ಪಟ್ಟಿಯನ್ನು ತನ್ನ ಕೋಟಿನ ಕಿಸೆಗೆ ಹಾಕಿಕೊಂಡಳು. ಅಷ್ಟರಲ್ಲಿ ಡಾಕ್ಟರಮ್ಮ ಬಂದರು.

ಅವರು ವಯಸ್ಸಿನಲ್ಲಿ ನನ್ನ ಕೊನೆಯ ಬ್ಯಾಚಿನ ಮಕ್ಕಳಿಗಿಂತ ತುಸು ದೊಡ್ಡವರಿರಬೇಕು. ನನ್ನ ಎದೆಯ ಎರಡೂ ಕಡೆ ಸ್ಟೆಥಾಸ್ಕೋಪು ಇಟ್ಟು ಆಲಿಸಿದರು, ಬೆರಳಿನಿಂದ ತಟ್ಟಿ ನೋಡಿದರು, ಪೈಪಿನ ಹೊಲಿಗೆ, ಜೋಡಣೆ, ನೀರಿನ ಮಟ್ಟ ಎಲ್ಲ ನೋಡಿದರು. ಕುದಿತ ಆಗಲೇ ತಗ್ಗಿ, ಮೊದಲಿನ ಹಾಗೆ ಉಸಿರಿಗೊಂದು ಗುಳ್ಳೆಗೆ ಬಂದಿತ್ತು. "ಎಕ್ಸ್‌ರೇ ಒಂದು ತೆಗೆಸೋಣು," ಎಂದು ಸಿಸ್ಟರಿಗೆ ಹೇಳಿ, ಗೋಡೆಯ ಕಡೆ ತಿರುಗಿದರು.

"ಇಲ್ಲಿ ಬರ್ರಿ ಅಣ್ಣಾರ. ಹೆದರಬ್ಯಾಡ್ರಿ, ಬಡಿಯೂದಿಲ್ಲ."

ಅವನು ಒಂದು ಹೆಜ್ಜೆ ಬಂದ.

"ಪಂಚರ್ ಐತಿ, ಖರೆ. ಆದ್ರ ಪೈಪಿನ್ಯಾಗ ಅಲ್ಲ, ಒಳಗ ಶ್ವಾಸಕೋಶದಾಗ. ಆ ತೂತಿನಿಂದ ಹೊರಬಿದ್ದ ಗಾಳಿ ಎಲ್ಲಿಗೆ ಹೋಗಬೇಕು? ಶ್ವಾಸಕೋಶಕ್ಕೂ ಎದಿಗೂಡಿಗೂ ನಡಕ ಕೂಡತೈತಿ. ಕೂತು ಕೂತು ಶ್ವಾಸಕೋಶನ್ನ ಅಮುಕತೈತಿ. ಹಿಂಡಿದ ಅರಿವಿ ಹಂಗ ಮುದ್ದಿ ಆಗತೈತಿ ಅದು. ಭಾಳ ಕೂತ್ರ ಗುಂಡಿಗಿನೂ ಅತ್ಲಾಗ ನೂಕತೈತಿ. ಆ ಗಾಳಿಗೆ ಹೊರಗ ಹೋಗಾಕ ಹಾದಿ ಈ ಪೈಪು. ನೀವು ಹಾದಿ ಕಟ್ಟಿದ್ರಿ. ಗಾಳಿ ಒಳಗಽ ತುಂಬ್ತು."

"ಹಂಗಾದ್ರ ಮಾಮಾನ ಉಸಿರು ಅಲ್ಲೇನ್ರಿ ಅದು, ಹೊರಗ ಹೋಗೂದು?"

"ಉಸಿರು ಮೂಗಿನಿಂದ ಹೋಗಿ ಬರತೈತಿ. ಇದು ಇರಬಾರದ ಜಾಗಾದಾಗ ಕೂತ ಗಾಳಿ."

ಅವನು ಬಾಟಲಿಯ ಎದುರು ಕುಕ್ಕರುಗಾಲಲ್ಲಿ ಕುಳಿತ. ಬಹಳ ಹೊತ್ತು ನೋಡಿದ. "ಮತ್ತ ನೀರು ಯಾಕರೀ? ಪೈಪು ಹಂಗ ಬಿಟ್ರ ಗಾಳಿ ಹೋಗತಿತ್ತಲ್ಲ."

"ಹೋಗತಿತ್ತು. ಅವರು ಉಸಿರು ಎಳದಾಗ ಹೊರಗಿಂದು ಒಳಗ ನುಗ್ಗತಿತ್ತು. ಪೈಪಿನ ತುದಿ ನೀರಾಗ ಮುಳುಗೈತಿ ನೋಡ್ರಿ. ಒಳಗಿನ ಗಾಳಿ ನೀರು ನೂಕಿ ಹೊರಗ ಬರತೈತಿ. ತಿರುಗಿ ಹೋಗಬೇಕಂದ್ರ ನೀರು ಅಡ್ಡ ನಿಂತೈತಿ. ಎಳದಾಗ ನೀರಽ ಒಂದೀಟು ಕೊಳವಿಯಾಗ ಏರತೈತಿ, ಗಾಳಿ ಏರೂದಿಲ್ಲ."

"ಫುಟ್‌ವಾಲ್ವ್ ಅನ್ರಿ," ಎಂದ ಅವನು ತಟ್ಟನೆ. "ಬಾವ್ಯಾಗ ಪೈಪಿನ ಬುಡಕ ಹಾಕತೀವಲ್ಲ, ನೀರು ಮ್ಯಾಲ ಬಿಡತೈತಿ, ಕೆಳಗ ಬಿಡೂದಿಲ್ಲ. ಇಲ್ಲಿ ನೀರಽ ವಾಲ್ವ್."

"ಹಂಗಽ ಅನ್ಕೋರಿ," ಎಂದು ಡಾಕ್ಟರಮ್ಮ ನಕ್ಕರು. "ನೀವು ಅಂದಿದ್ದೂ ಪೂರಾ ಸುಳ್ಳಲ್ಲ. ಗುಳ್ಳಿ ಒಂದಽ ಸಮ, ಬಿಡುವಿಲ್ಲದ ಬಂದ್ರ ನಾವೂ ಮೊದಲು ಜೋಡಣಿ ಸಡಲ ಆಗೇತೇನು ಅಂತ ನೋಡತೀವಿ. ಒಳಗಿನ ತೂತು ದೊಡ್ಡದಿದ್ರೂ ಹಂಗಽ ಬರತಾವು. ಇವರದು ಉಸಿರು ಬಿಟ್ಟಾಗ, ಕೆಮ್ಮಿದಾಗ ಅಷ್ಟಽ ಬರತೈತಿ. ಸಣ್ಣ ತೂತು. ತಾನಽ ಮುಚ್ಚಕೋತೈತಿ. ಮುಚ್ಚಿದಾಗ ಗುಳ್ಳಿ ತಾವಽ ಕಡಿಮಿ ಆಗತಾವು. ನೀವು ಮಾತ್ರ ಮುಚ್ಚಾಕ ಹೋಗಬ್ಯಾಡ್ರಿ."

ಅವರು ಹೋದ ಮೇಲೆ ಥರ್ಮಾಸು ಹಿಡಿದು ಹೆಂಡತಿ ಬಂದಳು. ಆಕ್ಸಿಜನ್ ಕೊಳವೆ ನೋಡಿದಳು, ತಮ್ಮನ ಮುಖ ನೋಡಿದಳು. ಅವನೇ ಎಲ್ಲ ಹೇಳಿದ, ಒಂದನ್ನೂ ಮುಚ್ಚಿಡಲಿಲ್ಲ. ಹೆಂಡತಿ ಚಹಾ ಬಸಿಯುತ್ತ ಕೇಳಿಸಿಕೊಂಡಳು. ಲೋಟವನ್ನು ಅವನ ಕೈಗೆ ಕೊಟ್ಟಳು.

"ನಿನಗ ನೋಡ್ಕೋ ಅಂದಿದ್ದೆ. ರಿಪೇರಿ ಮಾಡು ಅಂದಿದ್ನೇನು?"

ಅವನು ಚಹಾ ಕುಡಿಯಲಿಲ್ಲ. ಲೋಟವನ್ನು ಕಿಟಕಿಯ ಮೇಲಿಟ್ಟು, "ನಾ ಊರಿಗೆ ಹೊಂಡತೀನಕ್ಕಾ. ಬ್ಯಾರೆ ಯಾರನರ ಕಳಸತೀನಿ," ಎಂದ.

ನಾನು ಏನಾದರೂ ಹೇಳಬೇಕಿತ್ತು. ಹೇಳಲು ಉಸಿರು ಇನ್ನೂ ಸಾಲುತ್ತಿರಲಿಲ್ಲ. ತಪ್ಪು ಹೆಜ್ಜೆ ಹಾಕಿದ ಹುಡುಗನನ್ನು ನಾನು ಸಾಲಿನಿಂದ ಹೊರಗೆ ಕಳಿಸುತ್ತಿರಲಿಲ್ಲ, ಮುಂದಿನ ಸಾಲಿಗೆ ತಂದು ನಿಲ್ಲಿಸುತ್ತಿದ್ದೆ. ಅದನ್ನು ಅವನಿಗೆ ಹೇಗೆ ತಿಳಿಸುವುದು ಎಂದು ಯೋಚಿಸುತ್ತಿರುವಾಗ ಸಿಸ್ಟರ್ ಗಾಲಿಕುರ್ಚಿ ತಳ್ಳಿಕೊಂಡು ಬಂದಳು. ಜೊತೆಗೆ ವಾರ್ಡಿನ ಆಯಾ.

"ಎಕ್ಸ್‌ರೇಕ್ಕ ಹೋಗಬೇಕು. ಕುರ್ಚಿ ಆಯಾ ನೂಕತಾಳ. ಆಕ್ಸಿಜನ್ ನನ್ನ ಕಡೆ. ಅಮ್ಮಾರ ಚಾದರ ಹಿಡೀತಾರ." ಆಕೆ ಹೆಂಡತಿಯ ತಮ್ಮನ ಕಡೆ ನೋಡಿದಳು. "ಬಾಟಲಿ ನೀವ ಹಿಡೀರಿ."

"ನಾನಾ?"

"ಮತ್ತ್ಯಾರು? ನೋಡ್ರಿ, ಇದು ಅವರ ಎದಿಗಿಂತ ಯಾವಾಗಲೂ ಕೆಳಗ ಇರಬೇಕು. ಮ್ಯಾಲ ಎತ್ತಿದ್ರ ಈ ನೀರು ಹೊಳ್ಳಿ ಎದಿಯೊಳಗ ಹೋಗತೈತಿ. ಇಳಿಜಾರಿಗೆ ನೀರು ಹೆಂಗ ಹರೀತೈತಿ ನಿಮಗ ನಾ ಹೇಳಬೇಕೇನು? ಓರಿ ಮಾಡಬಾರದು, ವಾಲಿಸಿದ್ರ ಪೈಪಿನ ತುದಿ ನೀರು ಬಿಟ್ಟು ಹೊರಗ ಬರತೈತಿ. ಮ್ಯಾಲ ಈ ಸಣ್ಣ ಬಾಯಿ ಐತಲ್ಲ, ಬಂದ ಗಾಳಿ ಹೊರಗ ಹೋಗೂ ಜಾಗಾ, ಅದಕ್ಕ ಬೆರಳು ಇಡಬಾರದು. ಪೈಪು ಮಡಚಬಾರದು. ಕಟ್ಟೂದಂತೂ…"

"ಇಲ್ಲರೀ," ಎಂದ ಅವನು.

ಬಾಟಲಿಯ ಕುತ್ತಿಗೆಯನ್ನು ಎರಡೂ ಕೈಯಲ್ಲಿ ಹಿಡಿದ. ಎತ್ತುವ ಮುಂಚೆ ನನ್ನ ಎದೆಯ ಮಟ್ಟವನ್ನು ಕಣ್ಣಿನಲ್ಲೇ ಅಳೆದ.

ಆ ಪಯಣವನ್ನು ನಾನು ಎಷ್ಟೋ ಸಲ ನೆನೆದಿದ್ದೇನೆ. ವಾರ್ಡುಗಳ ನಡುವಿನ ಉದ್ದನೆಯ ಓಣಿ, ಒರೆಸಿದ ನೆಲದ ಮೇಲೆ ಕಿಟಕಿಗಳ ಬೆಳಕು ಚೌಕ ಚೌಕವಾಗಿ ಬಿದ್ದಿತ್ತು. ನಾವು ಒಂದು ಬೆಳಕಿನಿಂದ ಇನ್ನೊಂದು ಬೆಳಕಿಗೆ ದಾಟುತ್ತ ಹೋದೆವು. ಬೆಳಕಿಗೆ ಬಂದಾಗೊಮ್ಮೆ ಬಾಟಲಿಯ ನೀರು ಹೊಳೆಯುತ್ತಿತ್ತು, ನೆರಳಿನಲ್ಲಿ ಆರುತ್ತಿತ್ತು. ಅವನು ನನ್ನ ಪಕ್ಕದಲ್ಲಿ ಅರ್ಧ ಬಗ್ಗಿಕೊಂಡೇ ನಡೆಯುತ್ತಿದ್ದ. ಎದುರಿಗೆ ಬಂದ ಮಂದಿ ಗೋಡೆಗೆ ಸರಿದು ದಾರಿ ಬಿಡುತ್ತಿದ್ದರು. ಕೆಳಗೆ ಇಳಿಯುವ ಇಳಿಜಾರು ಬಂದಾಗ ಕುರ್ಚಿ ಮುಂದಕ್ಕೆ ವಾಲಿತು, ನಾನು ತಗ್ಗಿದೆ. ಅವನು ಅದಕ್ಕಿಂತ ಮುಂಚೆಯೇ ಮೊಣಕಾಲು ಮಡಚಿ ತಗ್ಗಿದ್ದ. ಕುಕ್ಕರುಗಾಲಲ್ಲೇ ಹೆಜ್ಜೆ ಹಾಕುತ್ತ ಇಳಿದ. ಡ್ರಿಲ್ಲಿನಲ್ಲಿ ಬಾತುಕೋಳಿ ನಡಿಗೆ ಎಂದು ನಾನು ಮಕ್ಕಳಿಗೆ ಶಿಕ್ಷೆ ಕೊಡುತ್ತಿದ್ದುದು ಇದನ್ನೇ.

"ಸಾಕಾತೇನು?" ಎಂದು ಕೇಳಿದೆ.

"ಮಾತಾಡಬ್ಯಾಡ್ರಿ ಮಾಮಾ. ಗುಳ್ಳಿ ಎಣಸಾಕ ಹತ್ತೀನಿ."

ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಕ್ಕಳೋ ಅತ್ತಳೋ ನನಗೆ ಕಾಣಿಸಲಿಲ್ಲ.

ಎಕ್ಸ್‌ರೇ ಕೋಣೆಯಲ್ಲಿ ಅವನು ಬಾಟಲಿಯನ್ನು ನೆಲದ ಮೇಲೆ ನೆಟ್ಟಗೆ ಇಟ್ಟ ಮೇಲೆಯೇ ಹೊರಗೆ ನಿಂತ. ಮಧ್ಯಾಹ್ನದ ಹೊತ್ತಿಗೆ ಡಾಕ್ಟರಮ್ಮ ಫಿಲ್ಮನ್ನು ಕಿಟಕಿಗೆ ಹಿಡಿದು ತೋರಿಸಿದರು. ಎದೆಗೂಡಿನ ಬಿಳಿ ಗೆರೆಗಳ ಒಳಗೆ ಶ್ವಾಸಕೋಶ ಮಂಜಿನಂತೆ ಹರಡಿತ್ತು. ಮೇಲಿನ ತುದಿಯಲ್ಲಿ ಮಾತ್ರ ಸಣ್ಣದೊಂದು ಕರಿ ಅಂಚು. "ಇಷ್ಟಽ ಗಾಳಿ ಉಳದೈತಿ. ನಿನ್ನೆ ಇದು ಮುಷ್ಟಿಯಷ್ಟು ಮುದುಡಿತ್ತು. ಪೈಪು ತನ್ನ ಕೆಲಸ ಮಾಡಾಕ ಹತ್ತೈತಿ," ಎಂದರು. ಹೆಂಡತಿಯ ತಮ್ಮ ಆ ಕರಿ ಅಂಚನ್ನೇ ದಿಟ್ಟಿಸುತ್ತ ನಿಂತಿದ್ದ. ಆಮೇಲೆ ಹೋಗಿ ಮೂಲೆಯಲ್ಲಿ ಕುಳಿತು ಅಕ್ಕ ಬಿಚ್ಚಿಟ್ಟ ರೊಟ್ಟಿ ತಿಂದ. ಊರಿಗೆ ಹೊರಡುವ ಮಾತು ಮತ್ತೆ ಬರಲಿಲ್ಲ.

ಮಧ್ಯಾಹ್ನ ಪೂರ್ತಿ ನಾನು ನಿದ್ದೆ ಮತ್ತು ಎಚ್ಚರದ ನಡುವಿನ ಯಾವುದೋ ದಂಡೆಯಲ್ಲಿದ್ದೆ. ಹಿಟ್ನಾಳದ ಕಡೆಯಿಂದ ಹೆದ್ದಾರಿಯ ಲಾರಿಗಳು ಊರೊಳಗೆ ಬಂದ ಸದ್ದು, ಫ್ಯಾನಿನ ಸದ್ದು, ಪಕ್ಕದ ಮಂಚದವರ ಮಾತು ಎಲ್ಲವೂ ದೂರ ದೂರ ಹೋಗುತ್ತಿದ್ದವು. ಹತ್ತಿರ ಉಳಿದದ್ದು ಬುಳುಕ್ ಎನ್ನುವ ಆ ಒಂದೇ ಸದ್ದು, ಈಗ ಬಿಡುವು ಕೊಟ್ಟು ಕೊಟ್ಟು. ಒಂದು ಉಸಿರಿಗೆ ಇದೆ, ಮುಂದಿನದಕ್ಕೆ ಇಲ್ಲ. ಒಳಗೆ ಎಲ್ಲೋ ಒಂದು ತೂತು ಯಾರ ಅಪ್ಪಣೆಗೂ ಕಾಯದೆ ತನ್ನನ್ನು ತಾನೇ ಮುಚ್ಚಿಕೊಳ್ಳುತ್ತಿತ್ತು. ನಾನು ಜೀವಮಾನವಿಡೀ "ಎಳಿ, ಬಿಡು" ಎಂದು ಅಪ್ಪಣೆ ಕೊಟ್ಟವನು. ಈಗ ಸುಮ್ಮನೆ ಮಲಗಿ, ನನ್ನ ಮೈ ನನ್ನನ್ನು ಕೇಳದೆ ಮಾಡುತ್ತಿದ್ದ ಕೆಲಸದ ಸದ್ದು ಕೇಳುತ್ತಿದ್ದೆ.

ಸಂಜೆ ಕಿಟಕಿಯ ಬಿಸಿಲು ಗೋಡೆ ಹತ್ತಿದಾಗ ಸಿಸ್ಟರ್ ಬಂದಳು. ಎರಡನೆಯ ಪಾಳಿಯವರು ರಜೆಯಲ್ಲಿದ್ದುದರಿಂದ ಅಂದು ಕತ್ತಲಾಗುವ ತನಕ ಆಕೆಯೇ. ಬಾಟಲಿಗೆ ಅಂಟಿಸಿದ ಬಿಳಿ ಪಟ್ಟಿಯ ಮೇಲೆ ನೀರಿನ ಮಟ್ಟಕ್ಕೆ ಪೆನ್ನಿನಿಂದ ಗೆರೆ ಎಳೆದು ವೇಳೆ ಬರೆದಳು. ಬೆಳಗಿನ ಗೆರೆಗಿಂತ ಅದು ಕೂದಲೆಳೆಯಷ್ಟು ಮೇಲಿತ್ತು. ರಕ್ತ ಇಳಿಯುವುದು ಬಹುತೇಕ ನಿಂತಿತ್ತು.

"ಉಸಿರು ಎಳೀರಿ." ಕೊಳವೆಯಲ್ಲಿ ನೀರು ಏರಿತು. "ಬಿಡ್ರಿ." ಇಳಿಯಿತು. ಗುಳ್ಳೆ ಬರಲಿಲ್ಲ.

ಹೆಂಡತಿಯ ತಮ್ಮ ಎದ್ದು ನಿಂತ. "ನಿಂತೈತಿ. ನಾ ಮುಟ್ಟಿಲ್ಲರೀ."

"ಗೊತ್ತೈತಿ. ನೀರು ಆಡಾಕ ಹತ್ತೈತಲ್ಲ, ಹಾದಿ ತೆರದೈತಿ ಅಂತ. ಈಗ ಕೆಮ್ಮರಿ ಮಾಸ್ತರ್ರ."

ಕೆಮ್ಮಿದೆ. ಒಂದೇ ಒಂದು ಗುಳ್ಳೆ ಹೊರಬಂತು, ಸಾಸಿವೆಯಷ್ಟು.

"ಛಲೋ ಆತು," ಎಂದಳು ಆಕೆ. ಹೊರಡಲು ತಿರುಗಿದಾಗ ಆಕೆಯ ಕಾಲು ಬಾಟಲಿಯ ಸ್ಟ್ಯಾಂಡಿಗೆ ತಾಗಿ ಅದು ತುಸು ವಾಲಿತು. ಹೆಂಡತಿಯ ತಮ್ಮ ಕೈ ಚಾಚಿ ಹಿಡಿದುಬಿಟ್ಟ. ಅವನು ಸ್ಟ್ಯಾಂಡನ್ನು ನೆಟ್ಟಗೆ ಮಾಡಿ, ಬಗ್ಗಿಕೊಂಡೇ ಮೇಲೆ ನೋಡಿದ.

"ಸಿಸ್ಟರ್ರ, ಒಂದು ಮಾತು ಕೇಳಲೇನ್ರಿ?"

"ಕೇಳ್ರಿ."

"ಈ ಸ್ಟ್ಯಾಂಡು ಮಂಚದ ಕಾಲಿಗೆ ಕಟ್ಟಿದ್ರ ನಡೀತೈತೇನು? ಯಾರ ಕಾಲು ತಾಗಿದ್ರೂ ಬೀಳೂದಿಲ್ಲ. ಪೈಪಿಗೆ ಮುಟ್ಟೂದಿಲ್ಲ. ಕೆಳಗಽ ಇರತೈತಿ."

ಸಿಸ್ಟರ್ ಯೋಚಿಸಿದಳು. ಬಗ್ಗಿ ಮಂಚದ ಕಾಲು ನೋಡಿದಳು, ಪೈಪು ಎಲ್ಲಿ ಇಳಿಯುತ್ತದೆ ನೋಡಿದಳು. ಆಮೇಲೆ ಕೋಟಿನ ಕಿಸೆಗೆ ಕೈ ಹಾಕಿ ಬೆಳಗಿನ ರಬ್ಬರ್ ಪಟ್ಟಿಯನ್ನು ತೆಗೆದು ಅವನ ಕೈಯಲ್ಲಿಟ್ಟಳು.

"ಸ್ಟ್ಯಾಂಡಿಗೆ ಅಷ್ಟಽ. ನಾ ನಿಂತು ನೋಡತೀನಿ."

ಅವನು ನೆಲದ ಮೇಲೆ ಕುಳಿತು, ಪಟ್ಟಿಯನ್ನು ಎಳೆದೆಳೆದು ಸ್ಟ್ಯಾಂಡಿನ ಕಂಬಿಗೂ ಮಂಚದ ಕಾಲಿಗೂ ಸುತ್ತಿದ. ಪೈಪು ಸಡಿಲವಾಗಿ, ಎಲ್ಲೂ ಬಾಗದೆ ಇಳಿದಿದೆಯೇ ಎಂದು ಕೈಯಾಡಿಸಿ ನೋಡಿದ. ಬಾಟಲಿಯಿಂದ ಹೊದಿಕೆಯ ತನಕ, ಬೆಳಿಗ್ಗೆ ಆಕೆ ನೋಡಿದ ಹಾಗೆಯೇ. ಆಮೇಲೆ ಪಟ್ಟಿಯ ತುದಿಯನ್ನು ಒಳಗೆ ಸಿಕ್ಕಿಸಿ ಸ್ಟ್ಯಾಂಡನ್ನು ಒಮ್ಮೆ ಅಲುಗಾಡಿಸಿದ. ಅದು ಕದಲಲಿಲ್ಲ. ಕೊಳವೆಯಲ್ಲಿ ನೀರು ಏರಿ, ಇಳಿಯಿತು. ಸಿಸ್ಟರ್ ದೀಪದ ಗುಂಡಿ ಒತ್ತಿ ಮುಂದಿನ ಮಂಚಕ್ಕೆ ಹೋದಳು.